ಅರ್ಜಿಯ ಪ್ರಬಂಧ: ತಿದ್ದಿಸಿಕೊಳ್ಳುವುದು ಎಲ್ಲಿ ಮುಗಿದು ಮೋಸ ಎಲ್ಲಿ ಶುರುವಾಗುತ್ತದೆ?

ವಿದೇಶದಲ್ಲಿ ಓದಲು ಅರ್ಜಿ ಹಾಕುವವರ ನಡುವೆ ಎರಡು ಮಾತು ಓಡಾಡುತ್ತವೆ. ‘ದುಡ್ಡು ಕೊಟ್ಟು ಪ್ರಬಂಧ ಬರೆಸಿ, ಎಲ್ಲರೂ ಮಾಡೋದು ಅದನ್ನೇ’ ಎನ್ನುವುದು ಒಂದು. ‘ಮೇಷ್ಟ್ರಿಗೆ ತೋರಿಸಿದರೂ ಅರ್ಜಿ ತಿರಸ್ಕಾರ’ ಎನ್ನುವುದು ಇನ್ನೊಂದು. ಎರಡೂ ತಪ್ಪು.

ನಿಯಮ ಏನು?

ಅಮೆರಿಕದ ನೂರಾರು ಕಾಲೇಜುಗಳಿಗೆ ಪದವಿ ಪ್ರವೇಶದ ಅರ್ಜಿ ಹೋಗುವುದು ‘ಕಾಮನ್ ಆ್ಯಪ್’ ಮೂಲಕ. ಅದರ ಮುಖ್ಯ ಪ್ರಬಂಧ 250ರಿಂದ 650 ಪದಗಳದ್ದು. ಅರ್ಜಿ ಕಳಿಸುವಾಗ ‘ಇದು ನನ್ನದೇ ಕೆಲಸ, ಇದರಲ್ಲಿರುವುದು ನಿಜ’ ಎಂದು ವಿದ್ಯಾರ್ಥಿ ಸಹಿ ಮಾಡಬೇಕು. ಅದು ಸುಳ್ಳೆಂದು ಗೊತ್ತಾದರೆ ಪ್ರವೇಶ ರದ್ದಾಗಬಹುದು. ಓದು ಮುಗಿದ ಮೇಲೂ ಪದವಿ ವಾಪಸ್ ಪಡೆಯಬಹುದು. ಬೇರೆಯವರಿಗೆ ತೋರಿಸಿ ಸಲಹೆ ಕೇಳುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಗೆರೆ ಎಲ್ಲಿದೆ?

ಒಂದು ಉದಾಹರಣೆ ನೋಡೋಣ. ಹುಡುಗಿಯೊಬ್ಬಳು ಹೀಗೆ ಬರೆದಿದ್ದಾಳೆ ಎಂದುಕೊಳ್ಳಿ: ‘ನಾನು ಗೆಳತಿಯರ ಜೊತೆ ನಮ್ಮೂರ ಕೆರೆಯ ನೀರು ಪರೀಕ್ಷೆ ಮಾಡಿದೆ.’

ಮೇಷ್ಟ್ರು ಕಾಗುಣಿತ, ವ್ಯಾಕರಣ ತಿದ್ದಿದರು. ‘ಈ ಕೆರೆಯೇ ಯಾಕೆ?’ ಎಂದು ಕೇಳಿದರು. ಮೀನು ಸತ್ತು ತೇಲಿದ್ದನ್ನು ಅವಳು ನೆನಪಿಸಿಕೊಂಡು ತಾನೇ ಸೇರಿಸಿದಳು. ಇದು ಸರಿ. ಪ್ರಶ್ನೆ ಮೇಷ್ಟ್ರದು, ಉತ್ತರ ಅವಳದು.

ಆಮೇಲೆ ಚಿಕ್ಕಪ್ಪ ‘ನಾನು ತಂಡದ ನೇತೃತ್ವ ವಹಿಸಿದೆ’ ಎಂದು ತಿದ್ದಿದರು. ಬದಲಾದದ್ದು ಒಂದೇ ವಾಕ್ಯ. ಆದರೆ ಅದು ನಡೆದೇ ಇಲ್ಲ, ಹಾಗಾಗಿ ಸುಳ್ಳು. ಕೊನೆಗೆ ದುಡ್ಡು ಪಡೆದ ಸಂಪಾದಕರು ಇಡೀ ಪ್ರಬಂಧವನ್ನು ತಮ್ಮ ವಾಕ್ಯಗಳಲ್ಲಿ ಮತ್ತೆ ಬರೆದರು. ಆಗ ಘಟನೆಗಳೆಲ್ಲ ನಿಜವಾಗಿದ್ದರೂ ‘ನನ್ನದೇ ಕೆಲಸ’ ಎಂಬ ಸಹಿ ಸುಳ್ಳಾಗುತ್ತದೆ.

ಅಂದರೆ ದುಡ್ಡು ಕೊಟ್ಟಿದ್ದೀರಾ, ಸಂಬಂಧಿಕರೇ ತಿದ್ದಿದರಾ ಎನ್ನುವುದರಿಂದ ಗೆರೆ ನಿರ್ಧಾರವಾಗುವುದಿಲ್ಲ. ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ತೀರ್ಮಾನಿಸಿದವರು ಯಾರು ಎನ್ನುವುದೇ ಮುಖ್ಯ.

ಗೊತ್ತಾಗುವುದು ಹೇಗೆ?

ಬ್ರಿಟನ್ನಿನ ಅರ್ಜಿ ಸಂಸ್ಥೆ ‘ಯೂಕಾಸ್’ ಪ್ರತಿ ಪ್ರಬಂಧವನ್ನು ಹಿಂದೆ ಬಂದವುಗಳ ಜೊತೆ ಕಂಪ್ಯೂಟರಿನಲ್ಲಿ ಹೋಲಿಸುತ್ತದೆ. ಹೆಚ್ಚು ಹೋಲಿಕೆ ಕಂಡರೆ ವಿಶ್ವವಿದ್ಯಾಲಯಕ್ಕೆ ತಿಳಿಸುತ್ತದೆ. ಒಂದೇ ಅಚ್ಚಿನ ಪ್ರಬಂಧವನ್ನು ಹಲವರಿಗೆ ಮಾರುವವರ ಗ್ರಾಹಕರು ಸಿಕ್ಕಿಬೀಳುವುದು ಇಲ್ಲೇ. ಹೊಸದಾಗಿ ಬರೆಸಿದ್ದು ಈ ಹೋಲಿಕೆಯಲ್ಲಿ ಸಿಗದೇ ಹೋಗಬಹುದು. ಆದರೆ ಡುಯೊಲಿಂಗೊ ಇಂಗ್ಲಿಷ್ ಪರೀಕ್ಷೆಯಂಥದ್ದರಲ್ಲಿ ಅಭ್ಯರ್ಥಿ ಬರೆದ ಮಾದರಿಯೂ ಕಾಲೇಜಿಗೆ ಹೋಗುತ್ತದೆ. ಅಲ್ಲಿ ತಡವರಿಸುವ ಇಂಗ್ಲಿಷ್, ಪ್ರಬಂಧದಲ್ಲಿ ಪತ್ರಿಕಾ ಸಂಪಾದಕೀಯದಂಥ ಇಂಗ್ಲಿಷ್ ಇದ್ದರೆ ಅನುಮಾನ ಸಹಜ. ಸಂದರ್ಶನವಿದ್ದರೆ ಅಲ್ಲೂ ಇದೇ ಕಥೆ.

ನೀವೇ ಪರೀಕ್ಷಿಸಿಕೊಳ್ಳಿ

ಮೊದಲ ಕರಡನ್ನು ಉಳಿಸಿಕೊಳ್ಳಿ. ಕೊನೆಯದನ್ನು ಪಕ್ಕದಲ್ಲಿಟ್ಟು ಓದಿ. ಹೊಸದಾಗಿ ಬಂದ ಪ್ರತಿ ವಾಕ್ಯಕ್ಕೂ ‘ಇದು ನಡೆದಿದ್ದಾ? ಇದನ್ನು ನಾನೇ ಹೀಗೆ ಹೇಳಿದೆನಾ?’ ಎಂದು ಕೇಳಿಕೊಳ್ಳಿ. ಯಾವುದಾದರೂ ಒಂದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೆ ಆ ವಾಕ್ಯ ತೆಗೆದುಹಾಕಿ, ನಿಮ್ಮ ಮಾತಿನಲ್ಲೇ ಬರೆಯಿರಿ.