ಮೃತರ ವಾಹನ: ಮೊದಲು ಮುಗಿಯುವ ಗಡುವು ಯಾವುದು?

ಮನೆಯ ಹಿರಿಯರು ತೀರಿಕೊಂಡಾಗ ಬ್ಯಾಂಕ್ ಖಾತೆ, ಮನೆಯ ಪತ್ರಗಳತ್ತ ಎಲ್ಲರ ಗಮನ ಹರಿಯುತ್ತದೆ. ಅವರ ಕಾರನ್ನು ಮಾತ್ರ ಮಕ್ಕಳು ಎಂದಿನಂತೆ ಓಡಿಸುತ್ತಿರುತ್ತಾರೆ.

ಕೇಂದ್ರ ಮೋಟಾರು ವಾಹನ ನಿಯಮಾವಳಿಯ 56ನೇ ನಿಯಮದಂತೆ ವಾಹನ ಬಳಸಲಿರುವ ವಾರಸುದಾರರು ಮರಣದ 30 ದಿನಗಳೊಳಗೆ ಆರ್.ಟಿ.ಓ.ಗೆ ವಿಷಯ ತಿಳಿಸಬೇಕು. ಹಾಗೆ ತಿಳಿಸಿದವರಿಗೆ ಮಾತ್ರ ಮರಣದ ದಿನದಿಂದ ಮೂರು ತಿಂಗಳು ವಾಹನ ಬಳಸುವ ಅವಕಾಶವಿದೆ. ಅಷ್ಟರೊಳಗೆ ನಮೂನೆ 31ರ ಅರ್ಜಿಯನ್ನು ಮರಣ ಪ್ರಮಾಣಪತ್ರ, ಆರ್.ಸಿ. ಹಾಗೂ ಚಾಲ್ತಿಯಲ್ಲಿರುವ ವಿಮಾಪತ್ರದೊಂದಿಗೆ ಸಲ್ಲಿಸಬೇಕು.

ತೊಡಕು ಹುಟ್ಟುವುದು ಈ ವಿಮೆಯಲ್ಲಿಯೇ. ಮಾಲೀಕರ ಮರಣಾನಂತರ ಪಾಲಿಸಿಯು ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವ ದಿನ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಊರ್ಜಿತವೆಂಬುದು ಅದರ ಷರತ್ತು. ಪುಣೆಯ ಒಂದು ಕುಟುಂಬವನ್ನು ಊಹಿಸೋಣ. ತಂದೆಯ ಮರಣ ಜೂನ್ 10ರಂದು. ಪಾಲಿಸಿಯ ಕೊನೆಯ ದಿನ ಜುಲೈ 20. ಆರ್.ಟಿ.ಓ.ಗೆ ತಿಳಿಸಲು ಜುಲೈ 10ರವರೆಗೆ, ವರ್ಗಾವಣೆಯ ಅರ್ಜಿಗೆ ಸೆಪ್ಟೆಂಬರ್ 10ರವರೆಗೆ ಕಾಲಾವಕಾಶವಿದ್ದರೂ ವಿಮೆಯ ರಕ್ಷಣೆ ಜುಲೈ 20ಕ್ಕೇ ನಿಲ್ಲುತ್ತದೆ. ಮಗನು ತಂದೆಯ ಹೆಸರಿನಲ್ಲಿಯೇ ಆನ್‌ಲೈನ್ ಮೂಲಕ ಪ್ರೀಮಿಯಂ ಕಟ್ಟಿದರೆ ಹಣ ಸ್ವೀಕೃತವಾದೀತು. ಆದರೆ ನಾಳೆ ಅಪಘಾತವಾದರೆ, ಮೃತರ ಹೆಸರಿನಲ್ಲಿ ನವೀಕರಿಸಿದ ಪಾಲಿಸಿಯೆಂಬ ಕಾರಣಕ್ಕೆ ಕಂಪನಿಯು ಕ್ಲೇಮನ್ನು ಪ್ರಶ್ನಿಸಬಹುದು. ಆದ್ದರಿಂದ ಜುಲೈ 20ಕ್ಕೆ ಮುನ್ನವೇ ಮರಣ ಪ್ರಮಾಣಪತ್ರದೊಡನೆ ವಿಮಾ ಕಂಪನಿಗೆ ಬರೆದು, ಪಾಲಿಸಿಯನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದು ಕ್ಷೇಮ.

ವಾರಸುದಾರರು ಹಲವರಿದ್ದಲ್ಲಿ ಉಳಿದವರ ಒಪ್ಪಿಗೆಯ ಅಫಿಡವಿಟ್ ಪಡೆಯುವಷ್ಟರಲ್ಲೇ ವಾರಗಳು ಕಳೆಯುತ್ತವೆ; ಒಬ್ಬ ಮಗಳು ವಿದೇಶದಲ್ಲಿದ್ದರಂತೂ ಇನ್ನೂ ವಿಳಂಬ. ಇದನ್ನು ಸರಳಗೊಳಿಸಲೆಂದೇ 2021ರ ತಿದ್ದುಪಡಿಯು ಮಾಲೀಕರು ಬದುಕಿರುವಾಗಲೇ ಆರ್.ಸಿ.ಗೆ ನಾಮಿನಿಯನ್ನು ಸೇರಿಸುವ ಅವಕಾಶ ನೀಡಿದೆ. ಹಳೆಯ ವಾಹನಕ್ಕೂ ಇದು ಅನ್ವಯಿಸುತ್ತದೆ.