ಅಡುಗೆ ಸೋಡಾ ದ್ರಾವಣದ pH 9.7 ಅಲ್ಲ

ಒಂದು ಲೀಟರ್ ದ್ರಾವಣದಲ್ಲಿ 8.4 ಗ್ರಾಂ ಸೋಡಿಯಂ ಬೈಕಾರ್ಬೊನೇಟ್ ಇದೆ, ಅಂದರೆ 0.1 ಮೋಲಾರ್. ಇದರ pH ಎಷ್ಟು? ಪ್ರಬಲ ಪ್ರತ್ಯಾಮ್ಲ ಮತ್ತು ದುರ್ಬಲ ಆಮ್ಲದಿಂದಾದ ಲವಣ ಎಂದುಕೊಂಡು, ಜಲವಿಭಜನೆಯ ಸೂತ್ರಕ್ಕೆ ಅಂಕಿಗಳನ್ನು ಹಾಕಿದರೆ 9.7 ಬರುತ್ತದೆ. ಲೆಕ್ಕ ನೀಟಾಗಿದೆ, ಉತ್ತರ ತಪ್ಪು. ಇದನ್ನೇ ಸರಿಯೆಂದು ಕಲಿಸುವುದು ಇನ್ನಾದರೂ ನಿಲ್ಲಬೇಕು.

ಬೈಕಾರ್ಬೊನೇಟ್ ಅಯಾನು ಪ್ರೋಟಾನನ್ನು ಪಡೆಯಲೂ ಬಲ್ಲದು, ಕೊಡಲೂ ಬಲ್ಲದು. ಜಲವಿಭಜನೆಯ ಸೂತ್ರ ಪಡೆಯುವುದನ್ನಷ್ಟೇ ನೋಡುತ್ತದೆ, ಆ ಪ್ರೋಟಾನು ನೀರಿನಿಂದಲೇ ಬಂತೆಂದು ನಂಬುತ್ತದೆ. ವಾಸ್ತವವಾಗಿ ಅದು ಬರುವುದು ಹೆಚ್ಚಾಗಿ ಪಕ್ಕದ ಇನ್ನೊಂದು ಬೈಕಾರ್ಬೊನೇಟ್‌ನಿಂದ. ಎರಡು ಅಯಾನುಗಳಲ್ಲಿ ಒಂದು ಕಾರ್ಬಾನಿಕ್ ಆಮ್ಲವಾಗುತ್ತದೆ, ಇನ್ನೊಂದು ಕಾರ್ಬೊನೇಟ್ ಆಗುತ್ತದೆ. ಹೀಗೆ ಹುಟ್ಟಿದ ಇವೆರಡರ ಪ್ರಮಾಣ ಬಹುತೇಕ ಸಮ. ಈ ಸಮತೆಯನ್ನು ಎರಡೂ ವಿಯೋಜನ ಸ್ಥಿರಾಂಕಗಳ ಸಮೀಕರಣಗಳಿಗೆ ಸೇರಿಸಿದರೆ ಉಳಿಯುವುದು ಇಷ್ಟೇ:

[H⁺] = √(K₁K₂)

25 ಡಿಗ್ರಿ ಸೆಲ್ಸಿಯಸ್‌ನಲ್ಲಿ pK₁ 6.35, pK₂ 10.33. ಇವುಗಳ ಸರಾಸರಿ 8.34. ಅದೇ ದ್ರಾವಣದ pH. ಆಗ ಕಾರ್ಬಾನಿಕ್ ಆಮ್ಲ ಸುಮಾರು 0.001 ಮೋಲಾರ್ ಇರುತ್ತದೆ, ಹೈಡ್ರಾಕ್ಸೈಡ್ ಅದರ ನಾನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಜಲವಿಭಜನೆಯ ಲೆಕ್ಕ ಇವೆರಡನ್ನೂ ಸಮವೆಂದು ಹಿಡಿದಿತ್ತು. ಅದು ಜಾರಿದ್ದು ಅಲ್ಲೇ.

ಪರೀಕ್ಷಿಸಲು ಮೀಟರೂ ಬೇಡ. ತಣ್ಣೀರಿನಲ್ಲಿ ಆಗಷ್ಟೇ ಕರಗಿಸಿದ ಶುದ್ಧ ಬೈಕಾರ್ಬೊನೇಟ್‌ಗೆ ಒಂದೆರಡು ಹನಿ ಫಿನಾಲ್ಫ್ತಲೀನ್ ಹಾಕಿ. pH 9.7 ಆಗಿದ್ದರೆ ಗಾಢ ಗುಲಾಬಿ ಬಣ್ಣ ಬರಬೇಕಿತ್ತು. ಬಣ್ಣ ಬರುವುದೇ ಇಲ್ಲ, ಬಂದರೂ ತೀರಾ ತಿಳಿ. ವಾಷಿಂಗ್ ಸೋಡಾವನ್ನು ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಟೈಟ್ರೇಟ್ ಮಾಡುವಾಗ ಮೊದಲ ಅಂತ್ಯಬಿಂದುವಿನಲ್ಲಿ ಈ ಸೂಚಕ ಬಣ್ಣ ಕಳೆದುಕೊಳ್ಳುವುದೂ ಇದೇ ಕಾರಣಕ್ಕೆ: ಆ ಘಳಿಗೆಯಲ್ಲಿ ಫ್ಲಾಸ್ಕಿನಲ್ಲಿರುವುದು ಬೈಕಾರ್ಬೊನೇಟ್. ಪ್ರಯೋಗಾಲಯದಲ್ಲಿ ಕಣ್ಣಾರೆ ಕಂಡದ್ದನ್ನು ತರಗತಿಯ ಲೆಕ್ಕ ಅಲ್ಲಗಳೆಯುವಂತಾಗಬಾರದು.

ದ್ರಾವಣ ಹಳೆಯದಾದರೆ ಅಥವಾ ಬಿಸಿಯಾದರೆ ಮಾತು ಬೇರೆ. ಅದರೊಳಗಿನ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗಿ ಕಾರ್ಬೊನೇಟ್ ಹೆಚ್ಚುತ್ತದೆ, pH ಏರುತ್ತದೆ, ಗುಲಾಬಿ ಮೂಡುತ್ತದೆ. ಅದನ್ನು ನೋಡಿ 9.7 ಸರಿಯಿತ್ತು ಅಂದುಕೊಳ್ಳಬಾರದು.

ಸರಾಸರಿಯ ಸೂತ್ರದಲ್ಲಿ ಸಾರತೆಯ ಮಾತೇ ಇಲ್ಲದಿರುವುದು ವಿದ್ಯಾರ್ಥಿಗಳಿಗೆ ವಿಚಿತ್ರವಾಗಿ ಕಾಣಬಹುದು. ಅದಕ್ಕೂ ಮಿತಿಯಿದೆ. ದ್ರಾವಣ ತೀರಾ ತೆಳುವಾದಾಗ ನೀರಿನ ಪಾಲನ್ನು ಬಿಡಲಾಗದು. ಆಗ ಪೂರ್ಣ ರೂಪವನ್ನೇ ಬಳಸಬೇಕು:

[H⁺] = √((K₁K₂C + K₁Kw)/(K₁ + C))

ಸಾರತೆ 0.0001 ಮೋಲಾರ್ ಆದಾಗ ಇದು ಕೊಡುವ pH ಸುಮಾರು 8.1. ಪ್ರಶ್ನೆ ತೆಗೆಯುವವರು K₁ ಜೊತೆಗೆ K₂ವನ್ನೂ ಕೊಡಲಿ. ಒಂದನ್ನೇ ಕೊಟ್ಟ ಪ್ರಶ್ನೆಗೆ ಸರಿಯಾದ ಉತ್ತರ ಬರೆಯಲು ದಾರಿಯೇ ಇರುವುದಿಲ್ಲ.