ಕೆಂಪಾದ ಮಾತ್ರಕ್ಕೆ ಮಾಣಿಕ್ಯವೇ?

ಫೋಟೊದಲ್ಲಿ ಹರಳು ಗಾಢ ಕೆಂಪಾಗಿ, ಒಳಗೆ ಕಲೆಯಿಲ್ಲದೆ ಕಂಡರೆ ಅಸಲಿ ಮಾಣಿಕ್ಯವೆಂದು ಇತ್ತೀಚೆಗೆ ಬರೆದವರು ಓದುಗರನ್ನು ಸೀದಾ ನಕಲಿಯತ್ತ ಕಳಿಸಿದ್ದಾರೆ.

ಅಮ್ಮಿನಬಾವಿಯ ಮನೆಯೊಂದರ ಹಳೆಯ ಉಂಗುರದ ಫೋಟೊ ಬಂತೆನ್ನಿ. ಗಾರ್ನೆಟ್, ಸ್ಪಿನೆಲ್, ಗಾಜು ಎಲ್ಲವೂ ಆ ಕೆಂಪಿನಲ್ಲಿ ಸಿಗುತ್ತವೆ; ಫೋನಿನ ಕ್ಯಾಮೆರಾ ಬಣ್ಣವನ್ನು ಇನ್ನಷ್ಟು ಏರಿಸುತ್ತದೆ. ಹರಳಿನ ಮುಖಗಳ ಅಂಚು ಸವೆದು ಮೊಂಡಾಗಿದ್ದರೆ ಮೊದಲ ಅನುಮಾನ ಗಾಜಿನ ಮೇಲೆ.

ಅಂಚು ಚೂಪಾಗಿದ್ದರೆ ಒಳಗಡೆ ನೋಡಬೇಕು. 60 ಡಿಗ್ರಿ ಕೋನದಲ್ಲಿ ಹೆಣೆದ ರೇಷ್ಮೆಯಂಥ ಸೂಜಿಗಳಿದ್ದರೆ ನೆಲದಲ್ಲಿ ಹುಟ್ಟಿದ ಮಾಣಿಕ್ಯದ ಸಾಧ್ಯತೆ ಹೆಚ್ಚು. ಗ್ರಾಮಫೋನ್ ತಟ್ಟೆಯಂತೆ ಬಾಗಿದ ಗೆರೆ, ದುಂಡು ಗುಳ್ಳೆ ಕಂಡರೆ ಅದು 1902ರಲ್ಲಿ ವೆರ್ನುಯಿ ಪ್ರಕಟಿಸಿದ ಜ್ವಾಲೆಯ ವಿಧಾನದ ಕೂಸು. ಕಲೆಯಿಲ್ಲದ ಅಗ್ಗದ "ಮಾಣಿಕ್ಯ" ಹೆಚ್ಚಾಗಿ ಇದೇ!

ಏನೂ ಕಾಣದಿದ್ದರೆ? ವಕ್ರೀಭವನಾಂಕ ಅಳೆಯಬೇಕು: ಮಾಣಿಕ್ಯಕ್ಕೆ ಸುಮಾರು 1.76, ಸ್ಪಿನೆಲ್‌ಗೆ 1.72. ಅದು ಫೋಟೊದಲ್ಲಿ ಸಿಗುವುದಿಲ್ಲ.